ಬಿಲ್ಲಿನ ಕೋಟಿ, ಸರಳಿನ ತುದಿ

ಕೋಟಿ ಅಂದ ಕೂಡಲೇ ನಮಗೆ ನೆನಪಾಗುವುದು ದುಡ್ಡು. ಒಂದರ ಮುಂದೆ ಏಳು ಸೊನ್ನೆ. ಆದರೆ ‘ಉನ್ನತ ಕೋಟಿಯ ವಿದ್ವಾಂಸರು’ ಎನ್ನುವಾಗ ನಾವು ಯಾರ ಆಸ್ತಿಯನ್ನೂ ಎಣಿಸುತ್ತಿರುವುದಿಲ್ಲ. ರಾಮೇಶ್ವರದಿಂದ ಮುಂದಕ್ಕೆ, ನೆಲ ಸಣಕಲಾಗುತ್ತ ಹೋಗಿ ಸಮುದ್ರದಲ್ಲಿ ಮುಗಿಯುವ ಕಡೆ ಧನುಷ್ಕೋಟಿ ಇದೆ. ಅಲ್ಲಿಯೂ ಕೋಟಿಯೆಂಬುದು ಲೆಕ್ಕದ ಮಾತಲ್ಲ. ಧನುಸ್ಸಿನ ಕೋಟಿ ಎಂದರೆ ಬಿಲ್ಲಿನ ತುದಿ. ಹೆದೆಯನ್ನು ಸಿಕ್ಕಿಸುವ ಆ ಬಾಗಿದ ಕೊನೆಗೆ ಅಮರಕೋಶ ಕೊಡುವ ಹೆಸರುಗಳಲ್ಲಿ ಕೋಟಿಯೂ ಒಂದು. ತುದಿ, ಮೊನೆ, ಅಂಚು, ಮೇಲ್ಮಟ್ಟ ಎಂದು ಈ ಶಬ್ದದ ಹಲವು ಅರ್ಥಗಳು ಒಂದಕ್ಕೊಂದು ತಾಗಿಕೊಂಡೇ ಇವೆ.

ಗಣಿತದವರು ಈ ಪದವನ್ನು ಎತ್ತಿಕೊಂಡದ್ದು ಬಿಲ್ಲಿನಿಂದಲೇ. ವೃತ್ತದ ಒಂದು ತುಂಡನ್ನು ಅವರು ಚಾಪ ಎಂದರು, ಅದರ ಎರಡು ಕೊನೆಗಳನ್ನು ಸೇರಿಸುವ ಗೆರೆಯನ್ನು ಜ್ಯಾ ಎಂದರು. ಜ್ಯಾ ಎಂದರೆ ಹೆದೆ. ಲೆಕ್ಕಕ್ಕೆ ಅವರು ಹಿಡಿದದ್ದು ಅರ್ಧ ಚಾಪದ ಅರ್ಧ ಹೆದೆಯನ್ನು, ಅದಕ್ಕೂ ಜ್ಯಾ ಎಂದೇ ಹೆಸರು ನಿಂತಿತು. ಚಾಪದ ನಡುವಿನಿಂದ ಹೆದೆಯ ನಡುವಿಗೆ ಇಳಿಯುವ ಗೆರೆ ಶರ, ಅಂದರೆ ಬಾಣ. ಬಿಲ್ಲು, ಹೆದೆ, ಬಾಣ ಎಲ್ಲವೂ ಬಂದ ಮೇಲೆ ಕೋಟಿ ಬಾರದೆ ಇರುತ್ತದೆಯೆ? ಒಂದು ಚಾಪ ತೊಂಬತ್ತು ಅಂಶಕ್ಕೆ ಎಷ್ಟು ಕಡಿಮೆಯಿದೆಯೋ ಆ ಉಳಿಕೆಗೆ ಕೋಟಿ ಎಂದು ಹೆಸರಾಯಿತು. ಉಳಿಕೆಯ ಜ್ಯಾ ಕೋಟಿಜ್ಯಾ ಆಯಿತು. ಬಾಯಲ್ಲಿ ಸವೆದು ಕೋಜ್ಯಾ ಆಯಿತು. ಹಿಂದಿಯ ಪಠ್ಯಪುಸ್ತಕಗಳಲ್ಲಿ ಕೋಜ್ಯಾ ಇನ್ನೂ ಬದುಕಿದೆ. ನಮ್ಮ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ಹುಡುಗರು ಮಾತ್ರ ಅದನ್ನು cos ಎಂದೇ ಬರೆದು, ಕಾಸ್ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ.

ಈ ಶಬ್ದವನ್ನು ಹಿಂಬಾಲಿಸಲು ನನಗೆ ನೆಪವಾದದ್ದು ಬಿಎಸ್ಸಿ ಮತ್ತು ಎಂಜಿನಿಯರಿಂಗ್ ತರಗತಿಗಳ ಒಂದು ಹಳೆಯ ಲೆಕ್ಕ. ಕಬ್ಬಿಣದ ಒಂದು ಸರಳಿದೆ. ಅದರ ಎರಡೂ ತುದಿಗಳನ್ನು ಶಾಖ ದಾಟದಂತೆ ಮುಚ್ಚಲಾಗಿದೆ. ಮೊದಲಿಗೆ ಸರಳಿನಲ್ಲಿ ಎಲ್ಲೆಲ್ಲಿ ಎಷ್ಟು ಬಿಸಿಯಿತ್ತೆಂದು ಗೊತ್ತು. ಆಮೇಲೆ ಯಾವ ಹೊತ್ತಿಗೆ ಎಲ್ಲಿ ಎಷ್ಟು ಬಿಸಿಯಿರುತ್ತದೆ? ಉತ್ತರವಾಗಿ ಬರುವುದು ಕೊಸೈನ್‌ಗಳ ಒಂದು ಸಾಲು. ಸೈನ್ ಒಂದೂ ಇರುವುದಿಲ್ಲ. ಏಕೆಂದು ಕೇಳಿದರೆ ‘ಇನ್ಸುಲೇಟೆಡ್ ಎಂದರೆ ಕೊಸೈನ್, ಅಷ್ಟೆ’ ಎಂಬ ಸೂತ್ರವನ್ನು ಹುಡುಗರು ಒಪ್ಪಿಸುತ್ತಾರೆ. ಅದು ಅರ್ಧ ಸತ್ಯ. ಪೂರ್ತಿ ಸತ್ಯ ಕೋಟಿಜ್ಯಾ ಎಂಬ ಹೆಸರು ಹುಟ್ಟಿದ ಕೋಷ್ಟಕದಲ್ಲೇ ಕೂತಿದೆ.

ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಬರೆದ ‘ಆರ್ಯಭಟೀಯ’ದಲ್ಲಿ ಜ್ಯಾಗಳ ಪಟ್ಟಿ ಇದೆ. ವೃತ್ತದ ತ್ರಿಜ್ಯ 3438. ಕಾಲು ವೃತ್ತವನ್ನು 225 ಕಲೆಗಳ, ಅಂದರೆ ಮೂರೂಮುಕ್ಕಾಲು ಅಂಶಗಳ, 24 ತುಂಡು ಮಾಡಿದ್ದಾನೆ. ಪ್ರತಿ ತುಂಡಿಗೆ ಜ್ಯಾ ಎಷ್ಟು ಏರುತ್ತದೆ ಎಂಬುದನ್ನಷ್ಟೇ ಅವನು ಕೊಡುತ್ತಾನೆ: 225, 224, 222, 219, 215 ಹೀಗೆ ಶುರುವಾಗಿ ಕೊನೆಗೆ 51, 37, 22, 7. ಇವನ್ನು ಕೂಡುತ್ತ ಹೋದರೆ ಜ್ಯಾ ಸಿಗುತ್ತದೆ, ಎಲ್ಲವನ್ನೂ ಕೂಡಿದರೆ 3438. ಮೊದಲ ಹೆಜ್ಜೆಗೆ 225 ಏರಿದ್ದ ಜ್ಯಾ ಕಡೆಯ ಹೆಜ್ಜೆಗೆ ಬರೀ 7 ಏರುತ್ತದೆ. ನೆತ್ತಿಗೆ ಬಂದಂತೆಲ್ಲ ಏರು ಮಟ್ಟಸವಾಗಿಬಿಡುತ್ತದೆ.

ಈಗ ಅದೇ ಪಟ್ಟಿಯನ್ನು ಕೊನೆಯಿಂದ ಓದಿ. ಹಾಗೆ ಓದಿದರೆ ಸಿಗುವುದೇ ಕೋಟಿಜ್ಯಾ. ಅದು 3438ರಲ್ಲಿ ಹೊರಡುತ್ತದೆ. ಒಂದು ಹೆಜ್ಜೆಗೆ 7 ಇಳಿದು 3431. ಎರಡು ಹೆಜ್ಜೆಗೆ ಒಟ್ಟು 29 ಇಳಿದು 3409. ಮೂರಕ್ಕೆ 66, ನಾಲ್ಕಕ್ಕೆ 117. ಈ 7, 29, 66, 117ರ ಸಾಲಿಗೇ ಶರ ಎಂದು ಹೆಸರು. ಕೋಟಿಜ್ಯಾ ತನ್ನ ನೆತ್ತಿಯಿಂದ ಎಷ್ಟು ಜಾರಿತು ಎಂಬ ಅಳತೆ ಅದು. ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. ಹೆಜ್ಜೆ ಎರಡು ಪಟ್ಟಾದರೆ ಜಾರು ಹೆಚ್ಚುಕಡಿಮೆ ನಾಲ್ಕು ಪಟ್ಟು, ಮೂರಾದರೆ ಒಂಬತ್ತು ಪಟ್ಟು, ನಾಲ್ಕಾದರೆ ಹದಿನಾರು ಪಟ್ಟು. ಕೇರಳದ ಸಂಗಮಗ್ರಾಮದ ಮಾಧವ ಮುಂದೆ ಶರಕ್ಕೆ ಕೊಟ್ಟ ಅನಂತ ಶ್ರೇಣಿಯ ಮೊದಲ ಪದವೂ ಇದನ್ನೇ ಹೇಳುತ್ತದೆ: ಚಾಪದ ವರ್ಗವನ್ನು ತ್ರಿಜ್ಯದ ಇಮ್ಮಡಿಯಿಂದ ಭಾಗಿಸು. 225ರ ವರ್ಗವನ್ನು 6876ರಿಂದ ಭಾಗಿಸಿದರೆ ಏಳೂ ಚಿಲ್ಲರೆ. ಜಾರು ವರ್ಗದಂತೆ ಬೆಳೆಯುತ್ತದೆ ಎಂದರೆ ಹೊರಟ ಬಿಂದುವಿನಲ್ಲಿ ಇಳಿಜಾರು ಇಲ್ಲವೇ ಇಲ್ಲ ಎಂದರ್ಥ. ಕೋಟಿಜ್ಯಾ ತನ್ನ ತುದಿಯಲ್ಲಿ ಚಪ್ಪಟೆ.

ಇದನ್ನೇ ನೇರ ನಿಯಮವಾಗಿ ಎರಡನೆಯ ಭಾಸ್ಕರ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಬಳಸುತ್ತಾನೆ: ಒಂದು ಜಾಗದಲ್ಲಿ ಜ್ಯಾ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ತಿಳಿಯಬೇಕಾದರೆ ಅಲ್ಲಿಯ ಕೋಟಿಜ್ಯಾ ನೋಡು. ಅವನಿಗೆ ಬೇಕಾಗಿದ್ದದ್ದು ಗ್ರಹದ ಆ ಹೊತ್ತಿನ ಗತಿ. ಅದನ್ನು ತಿರುಗಿಸಿ ಹೇಳಿದರೆ ಕೋಟಿಜ್ಯಾ ಇಳಿಯುವ ವೇಗ ಜ್ಯಾದಷ್ಟಿರುತ್ತದೆ. ಚಾಪ ಸೊನ್ನೆಯಿರುವಲ್ಲಿ ಜ್ಯಾ ಸೊನ್ನೆ, ಆದ್ದರಿಂದ ಅಲ್ಲಿ ಕೋಟಿಜ್ಯಾದ ಇಳಿಜಾರೂ ಸೊನ್ನೆ.

ಶಬ್ದದ ಪ್ರಯಾಣವನ್ನು ಇಲ್ಲಿ ಚುರುಕಾಗಿ ಮುಗಿಸಿಬಿಡುತ್ತೇನೆ, ಆ ಕತೆ ಬಹಳ ಸಲ ಹೇಳಿ ಹಳತಾಗಿದೆ. ಜ್ಯಾ ಎಂಬುದಕ್ಕೆ ಜೀವಾ ಎಂದೂ ಹೆಸರಿತ್ತು. ಅರಬ್ಬಿಗೆ ಹೋಗಿ ಅದು ಜೀಬ ಎನಿಸಿಕೊಂಡಿತು. ಸ್ವರ ಬಿಟ್ಟು ಬರೆದದ್ದನ್ನು ಮಡಿಲು ಎಂಬ ಅರ್ಥದ ಜೈಬ್ ಎಂದು ಓದಿಕೊಂಡ ಹನ್ನೆರಡನೆಯ ಶತಮಾನದ ಅನುವಾದಕರು ಲ್ಯಾಟಿನ್ನಿನಲ್ಲಿ ಸೈನಸ್ ಎಂದರು. ಉಳಿಕೆಯ ಸೈನಿಗೆ 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ‘ಕೊ-ಸೈನಸ್’ ಎಂದು ಚುಟುಕು ಮಾಡಿದ. ಅವನ ‘ಕೊ’ ಬಂದದ್ದು ಪೂರಕ ಎಂಬರ್ಥದ ಲ್ಯಾಟಿನ್ ಪದದಿಂದ. ಕೋಜ್ಯಾದ ‘ಕೋ’ ಬಿಲ್ಲಿನ ತುದಿಯಿಂದ. ಎರಡೂ ಒಂದೇ ಉಳಿಕೆಯನ್ನು ಹೇಳುತ್ತವೆ, ಕಿವಿಗೂ ಒಂದೇ ಥರ ಕೇಳುತ್ತವೆ. ಆದರೂ ಎರಡಕ್ಕೂ ರಕ್ತಸಂಬಂಧವಿಲ್ಲ. ಹೋಲಿಕೆ ಸಿಕ್ಕಿದಲ್ಲೆಲ್ಲ ಮೂಲ ನಮ್ಮದೇ ಎಂದು ಸಾಧಿಸಹೊರಡುವವರು ಇಲ್ಲಿ ಸ್ವಲ್ಪ ತಡೆದುಕೊಳ್ಳಬೇಕು.

ಇನ್ನು ಸರಳಿಗೆ ಬರೋಣ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಕೂತು ಈಜೇರ್ ಪ್ರಾಂತದ ಆಡಳಿತ ನೋಡಿಕೊಳ್ಳುತ್ತಿದ್ದ ಜೋಸೆಫ್ ಫೂರಿಯೆ, ಶಾಖ ಹರಡುವ ಬಗೆಯ ಮೇಲೆ ಬರೆದ ಪ್ರಬಂಧವನ್ನು 1807ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿಗೆ ಒಪ್ಪಿಸಿದ. ಲಗ್ರಾಂಜ್ ಮೊದಲಾದವರು ತಕರಾರು ತೆಗೆದರು. ಪುಸ್ತಕ ಹೊರಬಂದದ್ದು 1822ರಲ್ಲಿ. ಅವನ ಮೂಲ ಮಾತು ಸರಳ: ಶಾಖ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ, ಹರಿವಿನ ಪ್ರಮಾಣ ಉಷ್ಣಾಂಶದ ಇಳಿಜಾರಿನಷ್ಟು. ಇಳಿಜಾರು ಕಡಿದಾಗಿದ್ದರೆ ಹರಿವು ಜೋರು, ಮಟ್ಟಸವಾಗಿದ್ದರೆ ಹರಿವೇ ಇಲ್ಲ. ಸರಳಿನ ಒಂದು ತೆಳು ಬಿಲ್ಲೆಯ ಒಳಗೆ ಒಂದು ಕಡೆಯಿಂದ ಬಂದದ್ದಕ್ಕೂ ಇನ್ನೊಂದು ಕಡೆಯಿಂದ ಹೋದದ್ದಕ್ಕೂ ಇರುವ ವ್ಯತ್ಯಾಸವೇ ಆ ಬಿಲ್ಲೆಯನ್ನು ಬಿಸಿ ಮಾಡುತ್ತದೆ ಅಥವಾ ಆರಿಸುತ್ತದೆ. ಸಮೀಕರಣವಾಗಿ ಬರೆದರೆ ಇಷ್ಟು:

u_t = α u_xx

ಇಲ್ಲಿ u ಉಷ್ಣಾಂಶ, x ಎಡತುದಿಯಿಂದ ದೂರ, t ಸಮಯ. α ಎಂಬುದು ಲೋಹದ ಗುಣ, ಶಾಖ ಎಷ್ಟು ಚುರುಕಾಗಿ ಹರಡಿಕೊಳ್ಳುತ್ತದೆ ಎಂಬ ಅಳತೆ. ಕಬ್ಬಿಣಕ್ಕೆ ಅದು ಸೆಕೆಂಡಿಗೆ ಸುಮಾರು 0.23 ಚದರ ಸೆಂಟಿಮೀಟರ್.

ತುದಿಯನ್ನು ಮುಚ್ಚಿದೆವು ಎಂದರೆ ಈ ಭಾಷೆಯಲ್ಲಿ ಏನು ಹೇಳಿದಂತಾಯಿತು? ತುದಿ ತಣ್ಣಗಿದೆ ಎಂದಲ್ಲ, ಬಿಸಿಯಿದೆ ಎಂದೂ ಅಲ್ಲ. ಅಲ್ಲಿಯ ಉಷ್ಣಾಂಶದ ಬಗ್ಗೆ ನಾವು ಏನನ್ನೂ ಹೇಳಿಲ್ಲ. ಆ ಮುಖವನ್ನು ದಾಟಿ ಶಾಖ ಹರಿಯದು ಎಂದಷ್ಟೇ ಹೇಳಿದ್ದೇವೆ. ಹರಿವು ಇಳಿಜಾರಿನಷ್ಟು ಎಂದಮೇಲೆ, ಹರಿವಿಲ್ಲದ ಕಡೆ ಇಳಿಜಾರೂ ಇಲ್ಲ. ಆದ್ದರಿಂದ ಸರಳಿನ ಉದ್ದ L ಎಂದಾದರೆ x = 0 ಮತ್ತು x = L ಎರಡರಲ್ಲೂ u_x = 0. ಈ ಬಗೆಯ ಗಡಿ ನಿಬಂಧನೆಗೆ ಜರ್ಮನಿಯ ಕಾರ್ಲ್ ನಾಯ್ಮನ್ ಹೆಸರು ಅಂಟಿಕೊಂಡಿದೆ. ಪರೀಕ್ಷೆಯಲ್ಲಿ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ: ‘ಸೊನ್ನೆ’ ಎಂಬ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಉಷ್ಣಾಂಶವನ್ನೇ ಸೊನ್ನೆ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಸರಳಿನ ಎರಡು ಕೊನೆಗಳನ್ನೂ ಮಂಜುಗಡ್ಡೆಯೊಳಗೆ ಹೂತಂತಾಗುತ್ತದೆ. ಮುಚ್ಚಿದ ತುದಿಗೂ ಮಂಜಿನಲ್ಲಿ ಹೂತ ತುದಿಗೂ ಇರುವ ಅಂತರ ಸಣ್ಣದಲ್ಲ. ಒಂದು ಶಾಖವನ್ನು ಕಾಯುತ್ತದೆ, ಇನ್ನೊಂದು ಹೀರಿಬಿಡುತ್ತದೆ.

ಮುಂದಿನ ಹೆಜ್ಜೆಯಲ್ಲಿ ಫೂರಿಯೆ ಉತ್ತರವನ್ನು ಎರಡು ತುಂಡು ಮಾಡುತ್ತಾನೆ: ಜಾಗವನ್ನಷ್ಟೇ ಅವಲಂಬಿಸಿದ ಆಕಾರ ಒಂದು, ಕಾಲದೊಡನೆ ಕುಗ್ಗುವ ಅಂಶ ಇನ್ನೊಂದು. ಆಕಾರ X ಎಂದಾದರೆ ಅದು ಪಾಲಿಸಬೇಕಾದ ನಿಯಮ

X'' = −λX

ಆಕಾರ ಎಲ್ಲಿ ಎಷ್ಟು ಎತ್ತರವಿದೆಯೋ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಅದು ಕೆಳಕ್ಕೆ ಬಾಗಬೇಕು. ಇದನ್ನು ಓದುವಾಗ ನನಗೆ ಆರ್ಯಭಟನ ಪಟ್ಟಿಯೇ ಎದುರಿಗೆ ಬರುತ್ತದೆ. ಅವನು ಆ ಅಂಕಿಗಳನ್ನು ತೆಗೆಯಲು ಕೊಟ್ಟ ಉಪಾಯ ಇದೇ ಅಲ್ಲವೆ? ಏರಿಕೆ ಪ್ರತಿ ಹೆಜ್ಜೆಗೂ ಕಡಿಮೆಯಾಗುತ್ತದೆ, ಎಷ್ಟು ಕಡಿಮೆ ಎಂದರೆ ಅಲ್ಲಿಯವರೆಗಿನ ಜ್ಯಾವನ್ನು ಮೊದಲ ಜ್ಯಾದಿಂದ ಭಾಗಿಸಿದಷ್ಟು. ಮೊದಲ ಜ್ಯಾ 225. ಅದನ್ನು 225ರಿಂದ ಭಾಗಿಸಿದರೆ 1. ಆದ್ದರಿಂದ ಮುಂದಿನ ಏರಿಕೆ 224. ಈಗ ಜ್ಯಾ 449. ಭಾಗಿಸಿದರೆ ಸುಮಾರು 2, ಮುಂದಿನ ಏರಿಕೆ 222. ಜ್ಯಾ 671, ಸುಮಾರು 3, ಏರಿಕೆ 219. ಜ್ಯಾ 890, ಸುಮಾರು 4, ಏರಿಕೆ 215. ಬಾಗು ಎತ್ತರದಷ್ಟು ಎಂಬ ಅದೇ ನಿಯಮ, ಹೆಜ್ಜೆಹೆಜ್ಜೆಯಾಗಿ. ಆರ್ಯಭಟನಿಗೆ ಶಾಖದ ಲೆಕ್ಕ ಗೊತ್ತಿತ್ತು ಎಂದು ಯಾರೂ ಇದರಿಂದ ತೀರ್ಮಾನಿಸಬೇಕಾಗಿಲ್ಲ. ಅವನ ಹೆದೆ ಪಾಲಿಸುವ ನಿಯಮವನ್ನೇ ಕಬ್ಬಿಣದ ಬಿಸಿಯೂ ಪಾಲಿಸುತ್ತದೆ ಎಂಬುದಷ್ಟೇ ಇಲ್ಲಿಯ ಸಂಗತಿ.

ಈ ನಿಯಮಕ್ಕೆ ಜ್ಯಾವೂ ಒಪ್ಪುತ್ತದೆ, ಕೋಟಿಜ್ಯಾವೂ ಒಪ್ಪುತ್ತದೆ. ಆರಿಸುವುದು ಎಡತುದಿ. ಅಲ್ಲಿ ಇಳಿಜಾರು ಸೊನ್ನೆಯಿರಬೇಕು. ಜ್ಯಾ ಹೊರಡುವಾಗಲೇ 225ರ ಏರು, ಅದು ಇಲ್ಲಿ ನಿಲ್ಲದು. ಕೋಟಿಜ್ಯಾ ಹೊರಡುವಾಗ ಚಪ್ಪಟೆ, ಅದು ನಿಲ್ಲುತ್ತದೆ. ಬಲತುದಿಯಲ್ಲಿಯೂ ಚಪ್ಪಟೆಯಿರಬೇಕು ಎಂಬುದು ಎರಡನೆಯ ಷರತ್ತು. ಕೋಟಿಜ್ಯಾ ಮತ್ತೆ ಚಪ್ಪಟೆಯಾಗುವುದು ಅರ್ಧ ಸುತ್ತಿಗೊಮ್ಮೆ. ಆದ್ದರಿಂದ ಸರಳಿನ ಉದ್ದದಲ್ಲಿ ಅರ್ಧ ಸುತ್ತು, ಒಂದು ಸುತ್ತು, ಒಂದೂವರೆ ಸುತ್ತು ಹೀಗೆ ಹಿಡಿಸುವ ಅಲೆಗಳಿಗಷ್ಟೇ ಜಾಗ:

cos(nπx/L), n = 0, 1, 2, 3, …

n ಸೊನ್ನೆಯಾದರೆ ಅದು ಅಲೆಯೇ ಅಲ್ಲ, ಉದ್ದಕ್ಕೂ ಒಂದೇ ಮಟ್ಟ. ಕುಗ್ಗುವ ವೇಗ n ವರ್ಗದಷ್ಟಾದ್ದರಿಂದ ಸೊನ್ನೆಯದು ಕುಗ್ಗುವುದೇ ಇಲ್ಲ. ಎರಡೂ ಬಾಗಿಲು ಹಾಕಿದ ಮನೆಯೊಳಗಿನ ಜನದ ಹಾಗೆ ಸರಳಿನೊಳಗಿನ ಶಾಖ ಅತ್ತಿತ್ತ ಓಡಾಡಬಹುದು, ಒಟ್ಟು ಲೆಕ್ಕ ಬದಲಾಗದು.

ಒಂದು ಸರಳನ್ನು ಕೈಗೆತ್ತಿಕೊಳ್ಳೋಣ. ಉದ್ದ 30 ಸೆಂ.ಮೀ., ಎಡ ಅರ್ಧ 80 ಡಿಗ್ರಿ, ಬಲ ಅರ್ಧ 20 ಡಿಗ್ರಿ. ಪಕ್ಕಗಳನ್ನೂ ತುದಿಗಳನ್ನೂ ಚೆನ್ನಾಗಿ ಸುತ್ತಿದೆ ಎಂದಿಟ್ಟುಕೊಳ್ಳಿ. ಸರಾಸರಿ 50; ಇದು n = 0ರ ಪಾಲು. ಉಳಿದ ಅಲೆಗಳ ಪಾಲು ತೆಗೆಯಲು ಆರಂಭದ ಉಷ್ಣಾಂಶವನ್ನು ಆಯಾ ಕೊಸೈನಿನಿಂದ ಗುಣಿಸಿ, ಸರಳಿನ ಉದ್ದಕ್ಕೂ ಕೂಡಿ, 2/L ನಿಂದ ಗುಣಿಸಬೇಕು. ಸಮ ಸಂಖ್ಯೆಯ ಅಲೆಗಳ ಪಾಲು ಸೊನ್ನೆ. ಬೆಸದವು ಹೀಗೆ ಬರುತ್ತವೆ:

u = 50 + (120/π) [cos(πx/L) − (1/3) cos(3πx/L) + (1/5) cos(5πx/L) − …]

ಇದು ಕಾಲ ಸೊನ್ನೆಯಲ್ಲಿನ ಚಿತ್ರ. ಆವರಣದೊಳಗಿನ ಸಾಲನ್ನು ಫೂರಿಯೆ ಬಲ್ಲವರು ತಕ್ಷಣ ಗುರುತಿಸುತ್ತಾರೆ. ಅವನು ತನ್ನ ಗ್ರಂಥದಲ್ಲಿ ಬಿಡಿಸಿದ ಮೊದಮೊದಲ ಲೆಕ್ಕದಲ್ಲೇ ಇದು ಬರುತ್ತದೆ. ಅಲ್ಲಿರುವುದು ಸರಳಲ್ಲ, ಒಂದು ಕಡೆ ಕೊನೆಯಿಲ್ಲದೆ ಚಾಚಿಕೊಂಡ ಆಯತಾಕಾರದ ತಗಡು. ಅದರ ತಳ 1ರಲ್ಲಿ, ಎರಡು ಪಕ್ಕಗಳು 0ಯಲ್ಲಿ. ಆ ಪಕ್ಕಗಳನ್ನು ಮುಚ್ಚಿಲ್ಲ, ತಣ್ಣಗಿಟ್ಟಿದ್ದಾನೆ. ಆದರೂ ಕೊಸೈನ್ ಬಂತು! ಏಕೆಂದರೆ ಅವನು ಅಳತೆಯ ಮೂಲಬಿಂದುವನ್ನು ತಳದ ನಟ್ಟನಡುವೆ ಇಟ್ಟ. ಅವನ ಕೋಟಿಜ್ಯಾದ ನೆತ್ತಿ ನಡುವೆ ನಿಂತು, ಕಾಲುಗಳು ತಣ್ಣನೆಯ ಅಂಚುಗಳಲ್ಲಿ ಊರಿವೆ. ನಮ್ಮ ಸರಳಿನಲ್ಲಿ ನೆತ್ತಿ ಎಡತುದಿಯಲ್ಲಿದೆ, ಬಲತುದಿಯಲ್ಲಿ ತಳ.

ಅರ್ಧ ಸತ್ಯ ಎಂದು ಮೊದಲಿಗೆ ಹೇಳಿದ್ದು ಇದಕ್ಕೇ. ನಮ್ಮ ಸರಳಿನಲ್ಲೂ ಮೂಲಬಿಂದುವನ್ನು ನಡುವಿಗೆ ಸರಿಸಿ, −15ರಿಂದ 15ರವರೆಗೆ ಅಳೆದರೆ, ಮೇಲಿನ ಬೆಸ ಅಲೆಗಳೆಲ್ಲ ಸೈನ್‌ಗಳಾಗಿಬಿಡುತ್ತವೆ. ಸರಳು ಅದೇ, ಶಾಖ ಅದೇ, ತುದಿಗಳು ಮುಚ್ಚಿದವೇ. ಹೆಸರು ಮಾತ್ರ ಬದಲಾಯಿತು. ಮುಚ್ಚಿದ ತುದಿ ಕೇಳುವುದು ಚಪ್ಪಟೆತನವನ್ನು. ಅಳತೆಯನ್ನು ಆ ತುದಿಯಿಂದಲೇ ಶುರುಮಾಡಿದರೆ ಚಪ್ಪಟೆತನದ ಹೆಸರು ಕೋಟಿಜ್ಯಾ.

ಈಗ ಗಡಿಯಾರ ಓಡಲಿ. ಪ್ರತಿ ಅಲೆಗೂ ಅದರದೇ ಕುಗ್ಗುವಿಕೆ, e^(−αn²π²t/L²). ನಮ್ಮ ಸರಳಿಗೆ ಮೊದಲ ಅಲೆ ಮೂರನೆಯ ಒಂದು ಪಾಲಿಗಿಂತ ತುಸು ಮೇಲಕ್ಕೆ, ಅಂದರೆ ಶೇಕಡಾ 37ಕ್ಕೆ, ಕುಗ್ಗಲು ಬೇಕಾದ ಹೊತ್ತು ಸುಮಾರು 396 ಸೆಕೆಂಡ್, ಆರೂವರೆ ನಿಮಿಷ. ಮೂರನೆಯ ಅಲೆಗೆ ಅದರ ಒಂಬತ್ತನೆಯ ಒಂದು ಪಾಲು, 44 ಸೆಕೆಂಡ್. ಐದನೆಯದಕ್ಕೆ 16 ಸೆಕೆಂಡ್. ಒಂದು ನಿಮಿಷ ಕಳೆದಾಗ ಎಡತುದಿಯ ಲೆಕ್ಕ ಹಾಕಿದರೆ 50 ಕೂಡಿಸು 32.8, ಕಳೆ 3.3, ಕೂಡಿಸು 0.2, ಒಟ್ಟು 79.7 ಡಿಗ್ರಿ. ನಡುವಿನಲ್ಲಿ ಇಷ್ಟೆಲ್ಲ ಗಲಾಟೆ ನಡೆದಿದ್ದರೂ ತುದಿಗೆ ಇನ್ನೂ ಸುದ್ದಿಯೇ ಮುಟ್ಟಿಲ್ಲ. ಐದು ನಿಮಿಷಕ್ಕೆ ಮೂರನೆಯ ಅಲೆ ಅಳಿಸಿಹೋಗಿ ಮೊದಲನೆಯದೊಂದೇ ಉಳಿದಿರುತ್ತದೆ. ಆಗ ಎಡತುದಿ 67.9, ಬಲತುದಿ 32.1. ಅರ್ಧ ಗಂಟೆಗೆ 50.4 ಮತ್ತು 49.6.

ಐದನೆಯ ನಿಮಿಷದ ಎಡತುದಿಯನ್ನು ಹತ್ತಿರದಿಂದ ನೋಡಬೇಕು. ತುದಿಯಿಂದ ಒಂದು ಸೆಂ.ಮೀ. ಒಳಗೆ ಹೋದರೆ ಉಷ್ಣಾಂಶ 0.1 ಡಿಗ್ರಿ ಕಡಿಮೆ. ಎರಡು ಸೆಂ.ಮೀ. ಹೋದರೆ 0.4. ಮೂರಕ್ಕೆ 0.9. ಇವು ಆರ್ಯಭಟನ ಪಟ್ಟಿಯನ್ನು ಹಿಂದಿನಿಂದ ಓದಿದಾಗ ಸಿಕ್ಕ 7, 29, 66 ಇವುಗಳದೇ ಓಟ. ಸರಳಿನ ತುದಿಯಲ್ಲಿ ಶರವನ್ನು ಥರ್ಮಾಮೀಟರಿನಲ್ಲಿ ಓದುತ್ತಿದ್ದೇವೆ. ಕನ್ನಡಕ್ಕೆ ಇಲ್ಲಿ ಒಂದು ಅಡ್ಡ ಲಾಭವೂ ಇದೆ: ನಮ್ಮ ಹಳಗನ್ನಡ ಕಾವ್ಯದಲ್ಲಿ ಸರಳ್ ಎಂದರೆ ಬಾಣ, ಭೀಷ್ಮ ಮಲಗಿದ್ದು ಸರಳ ಮಂಚದ ಮೇಲೆ. ಅದೇ ಪದ ಕಾಲಾಂತರದಲ್ಲಿ ಕಿಟಕಿಯ ಸರಳು, ಜೈಲಿನ ಸರಳು, ಕಬ್ಬಿಣದ ಸರಳು ಆಯಿತು. ಬಿಲ್ಲಿನ ಪರಿವಾರದಿಂದ ಬಂದ ಕೋಟಿಜ್ಯಾವನ್ನು ನಾವು ಸರಳಿನ ಮೇಲೆಯೇ ಕೂರಿಸುತ್ತಿದ್ದೇವೆ. ಆಕಸ್ಮಿಕವೇ, ಆದರೆ ಇಂಗ್ಲಿಷಿನಲ್ಲಿ ಲೆಕ್ಕ ಮಾಡುವವರಿಗೆ ದಕ್ಕದ ಆಕಸ್ಮಿಕ.

ಫೂರಿಯೆ ಪ್ರಯೋಗ ಮಾಡಿದ ವಸ್ತುಗಳಲ್ಲಿ ಒಂದು ಕಬ್ಬಿಣದ ಉಂಗುರ. ನಮ್ಮ ಸರಳನ್ನು ಅದರೊಡನೆ ಇಟ್ಟು ನೋಡಿದರೆ ಮುಚ್ಚಿದ ತುದಿಯ ಗುಟ್ಟು ಇನ್ನಷ್ಟು ತೆರೆದುಕೊಳ್ಳುತ್ತದೆ. ಸುತ್ತಳತೆ 60 ಸೆಂ.ಮೀ. ಇರುವ ಉಂಗುರ ತೆಗೆದುಕೊಂಡು, ಅದರ ಅರ್ಧಭಾಗದ ಮೇಲೆ ನಮ್ಮ ಸರಳಿನ ಉಷ್ಣಾಂಶವನ್ನೂ ಉಳಿದರ್ಧದ ಮೇಲೆ ಅದರ ಕನ್ನಡಿ ಪ್ರತಿಬಿಂಬವನ್ನೂ ಇಡಿ. ಎರಡೂ ಅರ್ಧಗಳು ಸೇರುವ ಎರಡು ಬಿಂದುಗಳಲ್ಲಿ ಏನಾಗುತ್ತದೆ? ಅತ್ತ ಇತ್ತ ಎರಡೂ ಕಡೆ ಒಂದೇ ಸಮನಾದ ಬಿಸಿ. ಶಾಖ ಯಾವ ಕಡೆಗೂ ದಾಟಲು ಕಾರಣವಿಲ್ಲ. ಹಾಗಾಗಿ ಆ ಎರಡು ಕಡೆ ಗರಗಸ ಹಾಕಿ ಕೊಯ್ದು ಮುಖಗಳನ್ನು ಮುಚ್ಚಿದರೂ ಒಳಗಿನ ಶಾಖಕ್ಕೆ ವ್ಯತ್ಯಾಸವೇ ತಿಳಿಯದು. ಮುಚ್ಚಿದ ಎರಡು ತುದಿಯ ಸರಳೆಂದರೆ ಅರ್ಧ ಉಂಗುರ. ಉಂಗುರಕ್ಕೆ ಸಾಮಾನ್ಯವಾಗಿ ಸೈನೂ ಬೇಕು ಕೊಸೈನೂ ಬೇಕು. ಕನ್ನಡಿಯ ಸಮತೆ ಬಂದಾಗ ಸೈನ್‌ಗಳು ಉದುರಿಹೋಗುತ್ತವೆ, ಏಕೆಂದರೆ ಸೈನ್ ಕನ್ನಡಿಯಲ್ಲಿ ತಲೆಕೆಳಗಾಗುತ್ತದೆ, ಕೊಸೈನ್ ತನ್ನಂತೆಯೇ ಕಾಣುತ್ತದೆ.

ಲೆಕ್ಕ ತಪ್ಪಿದಾಗ ಗೊತ್ತಾಗುವುದು ಹೇಗೆ? ಒಂದೇ ಪರೀಕ್ಷೆ ಬಹುತೇಕ ಸಾಕು: ತುಂಬ ಹೊತ್ತಾದ ಮೇಲೆ ಉತ್ತರ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ನಮ್ಮ ಸರಳು 50ಕ್ಕೇ ಬಂದು ನಿಲ್ಲಬೇಕು. ಸೊನ್ನೆಗೆ ಬಂದರೆ ತುದಿಗಳನ್ನು ಮಂಜಿನಲ್ಲಿಟ್ಟು ಸೈನ್ ಶ್ರೇಣಿ ಬರೆದಿದ್ದೀರಿ. ನೂರಕ್ಕೆ ಬಂದರೆ n = 0ರ ಪಾಲನ್ನೂ ಉಳಿದವುಗಳಂತೆ 2/L ಹಾಕಿ ತೆಗೆದು, ಅರ್ಧ ಮಾಡುವುದನ್ನು ಮರೆತಿದ್ದೀರಿ. ಪುಸ್ತಕಗಳಲ್ಲಿ a₀/2 ಎಂದು ಬರೆಯುವುದು ಈ ಅರ್ಧಕ್ಕಾಗಿ. ಎಂಬತ್ತಕ್ಕಿಂತ ಬಿಸಿ ಇಲ್ಲದ ಸರಳು ನೂರಕ್ಕೆ ಏರಿತೆಂದರೆ ನಗು ಬರಬೇಕು, ಆದರೆ ಉತ್ತರಪತ್ರಿಕೆಗಳಲ್ಲಿ ಅದು ಗಂಭೀರವಾಗಿಯೇ ಕೂತಿರುತ್ತದೆ.

ಇನ್ನೊಂದು ತೊಡಕು ಆರಂಭದ ಗಳಿಗೆಯದು. ಕಾಲ ಸೊನ್ನೆಯಲ್ಲಿ ಶ್ರೇಣಿಯ ಎಷ್ಟೇ ಪದಗಳನ್ನು ಕೂಡಿದರೂ, 80ರಿಂದ 20ಕ್ಕೆ ಧುಮುಕುವ ನಡುವಿನ ಪಕ್ಕದಲ್ಲಿ 85ರ ಮೇಲಕ್ಕೆ ಒಂದು ಕೊಂಬು ಏಳುತ್ತದೆ, ಆಚೆ ಕಡೆ 15ರ ಕೆಳಕ್ಕೆ ಒಂದು ಕುಳಿ. ಪದಗಳು ಹೆಚ್ಚಿದಂತೆ ಕೊಂಬು ತೆಳ್ಳಗಾಗುತ್ತದೆ, ಗಿಡ್ಡವಾಗದು. ಧುಮುಕಿನ ಸುಮಾರು ಶೇಕಡಾ 9ರಷ್ಟು ಅದು ಉಳಿದೇ ಉಳಿಯುತ್ತದೆ. ಗಿಬ್ಸ್ ಎಂಬವನ ಹೆಸರಿನಲ್ಲಿ ಕರೆಯುವ ಈ ಕೊಂಬು ಕಬ್ಬಿಣದಲ್ಲಿಲ್ಲ, ಶ್ರೇಣಿಯನ್ನು ನಡುವೆ ಕತ್ತರಿಸಿದ್ದರಲ್ಲಿದೆ. ಕಾಲ ಸ್ವಲ್ಪ ಸರಿದ ಕೂಡಲೇ ಮೇಲಿನ ಅಲೆಗಳು ಸತ್ತು ಅದು ಮಾಯವಾಗುತ್ತದೆ. ಮೊದಲ ಸೆಕೆಂಡಿನ ಚಿತ್ರ ಬೇಕೆನ್ನುವವರು ಹತ್ತಾರು ಪದ ಕೂಡಬೇಕು. ಐದನೆಯ ನಿಮಿಷದ್ದು ಸಾಕೆನ್ನುವವರಿಗೆ ಒಂದೇ ಪದ ಸಾಕು.

ಕಾಗದದ ಮೇಲೆ ‘ಮುಚ್ಚಿದ’ ಎಂದು ಬರೆದುಬಿಡುವುದು ಸುಲಭ. ನಿಜದಲ್ಲಿ ಯಾವುದೂ ಪೂರ್ತಿ ಮುಚ್ಚುವುದಿಲ್ಲ. ಗ್ಲಾಸ್ ವೂಲ್ ಕಬ್ಬಿಣಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಕೆಟ್ಟ ವಾಹಕ, ಅಷ್ಟೇ. ಜನ ತುದಿಗಳನ್ನು ಜತನದಿಂದ ಕಟ್ಟಿ ಪಕ್ಕಗಳನ್ನು ಮರೆಯುವುದುಂಟು. ಎರಡು ಸೆಂ.ಮೀ. ದಪ್ಪದ ನಮ್ಮ ಸರಳಿನ ಪಕ್ಕ, ಎರಡೂ ತುದಿಮುಖಗಳನ್ನು ಸೇರಿಸಿದ್ದಕ್ಕಿಂತ ಮೂವತ್ತು ಪಟ್ಟು ದೊಡ್ಡದು. ಅದನ್ನು ಬರಿಗಾಳಿಗೆ ಬಿಟ್ಟರೆ, ಕೋಣೆಗಿಂತ ಹೆಚ್ಚಿಗೆಯಿದ್ದ ಬಿಸಿ ಸುಮಾರು ಅರ್ಧ ಗಂಟೆಯಲ್ಲಿ ಶೇಕಡಾ 37ಕ್ಕೆ ಇಳಿದುಬಿಡುತ್ತದೆ. ಆಗ ಕುಗ್ಗಬಾರದ n = 0ರ ಮಟ್ಟವೇ ಕುಗ್ಗತೊಡಗುತ್ತದೆ. ಸರಾಸರಿ 50ರಿಂದ ಜಾರುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ಖಚಿತ.

ತುದಿಯೇ ಸೋರುತ್ತಿದ್ದರೆ ಇನ್ನೊಂದು ಗುರುತಿದೆ. ಐದನೆಯ ನಿಮಿಷದಲ್ಲಿ 68 ಡಿಗ್ರಿಯಲ್ಲಿರುವ ಎಡತುದಿಯ ಮುಚ್ಚಳ ತೆಗೆದು 20 ಡಿಗ್ರಿಯ ಗಾಳಿಗೆ ಒಡ್ಡಿದರೆ, ಆ ಮುಖದಿಂದ ಹೊರಹೋಗುವ ಶಾಖಕ್ಕಾಗಿ ಒಳಗೆ ಸೆಂ.ಮೀ.ಗೆ ಸುಮಾರು 0.06 ಡಿಗ್ರಿಯ ಇಳಿಜಾರು ತುದಿಯ ಕಡೆಗೆ ಹುಟ್ಟುತ್ತದೆ. ಕೋಟಿಜ್ಯಾದ ನೆತ್ತಿ ಇನ್ನು ತುದಿಯ ಮೇಲಿರುವುದಿಲ್ಲ, ಸುಮಾರು 3 ಮಿ.ಮೀ. ಒಳಕ್ಕೆ ಸರಿದಿರುತ್ತದೆ. ಒಂದು, ಎರಡು, ಮೂರು ಸೆಂ.ಮೀ. ಒಳಗಿನ ಇಳಿಕೆ 0.1, 0.4, 0.9 ಆಗುವ ಬದಲು ಹೆಚ್ಚುಕಡಿಮೆ 0.04, 0.27, 0.70 ಆಗುತ್ತದೆ. ಒಂದು, ನಾಲ್ಕು, ಒಂಬತ್ತರ ಓಟ ಕೆಟ್ಟಿತು. ಇಷ್ಟು ಸಣ್ಣ ಅಂತರ ಸಾಧಾರಣ ಥರ್ಮಾಮೀಟರಿಗೆ ಸಿಕ್ಕದು. ಎರಡು ಬಿಂದುಗಳ ವ್ಯತ್ಯಾಸವನ್ನೇ ನೇರ ಅಳೆಯುವಂತೆ ಥರ್ಮೋಕಪಲ್ ಜೋಡಿ ಕಟ್ಟಬೇಕಾಗುತ್ತದೆ. ಅಂಥ ತುದಿಗೆ cos(nπx/L) ನಡೆಯದು. ಎಷ್ಟು ಸುತ್ತು ಹಿಡಿಸುತ್ತದೆ ಎಂಬುದು ಪೂರ್ಣಾಂಕದ ಮಾತಾಗಿ ಉಳಿಯುವುದಿಲ್ಲ. ಪ್ರತಿ ಅಲೆಗೂ ಒಂದೊಂದು ಸಮೀಕರಣ ಬಿಡಿಸಿ ಅದರ ಉದ್ದವನ್ನು ಹುಡುಕಬೇಕು, ನೆತ್ತಿ ತುದಿಯಿಂದ ಎಷ್ಟು ಸರಿದಿದೆ ಎಂಬುದನ್ನೂ ಪ್ರತಿ ಅಲೆಗೆ ಬೇರೆಬೇರೆಯಾಗಿಯೇ ತೆಗೆಯಬೇಕು.